ಟಿಬಿ ಮಾತ್ರೆ ಮತ್ತು ಮಾಲಾ-ಡಿ ಒಂದೇ ಚೀಲದಲ್ಲಿ: ಸಂಯುಕ್ತ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ಮೆಡಿಕಲ್ ಅಂಗಡಿಯಲ್ಲಿ ನನ್ನ ಬಳಿ ತರಬೇತಿಗೆ ಬರುವ ಫಾರ್ಮಸಿ ವಿದ್ಯಾರ್ಥಿಗಳಲ್ಲಿ ಕನ್ನಡದವರು ಸದಾ ಇರುತ್ತಾರೆ. ಉಡುಪಿ ಕಡೆಯವರ ಮಕ್ಕಳು, ಕಲಬುರಗಿಯಿಂದ ಬಂದು ನೆಲೆಸಿದವರ ಮಕ್ಕಳು. ಪುಸ್ತಕದಲ್ಲಿ ಓದಿದ್ದಕ್ಕೂ ಕೌಂಟರಿನಲ್ಲಿ ಕಾಣುವುದಕ್ಕೂ ನಡುವಿನ ಅಂತರದಿಂದ ಹುಟ್ಟಿದ ಅವರ ಪ್ರಶ್ನೆಗಳೂ, ಪತ್ರದಲ್ಲಿ ಬಂದ ಕೆಲವೂ ಇಲ್ಲಿವೆ. ಮುಂಬಯಿಯಲ್ಲಿ ಟಿಬಿ ಚೀಟಿ ಅಪರೂಪವಲ್ಲ. ಆದ್ದರಿಂದ ಔಷಧಿಗಳ ಪರಸ್ಪರ ಕ್ರಿಯೆಯ ವಿಷಯಕ್ಕೆ ಬಂದಾಗ ಟಿಬಿ ಔಷಧಿಯಾದ ರಿಫಾಂಪಿಸಿನ್‌ಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಮೊದಲ ಪಾಠ

ಅಕ್ಕ, ಮಾಲಾ-ಡಿ ಪಟ್ಟಿಯಲ್ಲಿ ಎರಡು ಬಣ್ಣದ ಮಾತ್ರೆಗಳು ಯಾಕೆ? ಎಲ್ಲದರಲ್ಲೂ ಹಾರ್ಮೋನ್ ಇದೆಯೇ?

ಇಲ್ಲ. 28 ಮಾತ್ರೆಗಳಲ್ಲಿ 21ರಲ್ಲಿ ಮಾತ್ರ ಹಾರ್ಮೋನ್ ಇದೆ. ಅಂಥ ಪ್ರತಿ ಮಾತ್ರೆಯಲ್ಲಿ 0.03 ಮಿ.ಗ್ರಾಂ ಎಥಿನೈಲ್ ಎಸ್ಟ್ರಾಡಿಯಾಲ್ ಮತ್ತು 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ. ಮೊದಲನೆಯದು ಈಸ್ಟ್ರೋಜನ್, ಎರಡನೆಯದು ಪ್ರೊಜೆಸ್ಟಿನ್. ಎರಡೂ ಇರುವುದರಿಂದಲೇ ‘ಸಂಯುಕ್ತ’ ಎನ್ನುವುದು. ಉಳಿದ ಏಳು ಕಂದು ಮಾತ್ರೆಗಳು ಕಬ್ಬಿಣಾಂಶದವು. ದಿನಕ್ಕೊಂದು ನುಂಗುವ ಅಭ್ಯಾಸ ತಪ್ಪದಿರಲಿ, ರಕ್ತಹೀನತೆಗೂ ಒಂದಿಷ್ಟು ನೆರವಾಗಲಿ ಎಂದು ಅವುಗಳನ್ನು ಇಟ್ಟಿದ್ದಾರೆ. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್‌ನ ಒಳಗಿರುವುದೂ ಇದೇ.

ಕಂದು ಮಾತ್ರೆ ನುಂಗುವ ದಿನಗಳಲ್ಲಿ ಆಗುವ ರಕ್ತಸ್ರಾವ ಸಹಜ ಮುಟ್ಟಲ್ಲ. ಹಾರ್ಮೋನ್ ನಿಂತದ್ದರಿಂದ ಗರ್ಭಕೋಶದ ಒಳಪದರ ಕಳಚುತ್ತದೆ, ಅಷ್ಟೇ.

ಛಾಯಾ ಮಾತ್ರೆಯೂ ಇದೇ ಗುಂಪಿನದೇ?

ಅಲ್ಲ. ಛಾಯಾ, ಸಹೇಲಿ ಹೆಸರಿನಲ್ಲಿ ಬರುವುದು ಸೆಂಟ್‌ಕ್ರೋಮನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸ್ಟೀರಾಯ್ಡ್ ಅಲ್ಲದ ಔಷಧಿ ಅದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ಕೆಳಗಿನ ಯಾವ ಉತ್ತರವನ್ನೂ ಅದಕ್ಕೆ ಅನ್ವಯಿಸಬೇಡಿ.

ಇದು ಗರ್ಭ ನಿಲ್ಲದಂತೆ ಹೇಗೆ ತಡೆಯುತ್ತದೆ? ಪರೀಕ್ಷೆಯಲ್ಲಿ ‘ಅಂಡೋತ್ಪತ್ತಿ ತಡೆ’ ಎಂದು ಬರೆದರೆ ಅರ್ಧ ಅಂಕ ಕೊಡುತ್ತಾರೆ.

ಅರ್ಧ ಅಂಕ ಕೊಟ್ಟದ್ದು ಸರಿಯೇ, ಏಕೆಂದರೆ ಅದು ಅರ್ಧ ಉತ್ತರ. ಸಹಜ ಚಕ್ರದಲ್ಲಿ ಮೆದುಳಿನ ಹೈಪೊಥಾಲಮಸ್ ನಿರ್ದಿಷ್ಟ ಲಯದಲ್ಲಿ ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಅದರ ಮಾತು ಕೇಳಿ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಬಿಡುತ್ತದೆ. ಎಫ್‌ಎಸ್‌ಎಚ್ ಅಂಡಾಶಯದ ಕೋಶಿಕೆಯನ್ನು ಬೆಳೆಸುತ್ತದೆ. ನಡುಚಕ್ರದಲ್ಲಿ ಎಲ್‌ಎಚ್ ಒಮ್ಮೆಲೇ ಉಕ್ಕಿದಾಗ ಕೋಶಿಕೆ ಒಡೆದು ಅಂಡ ಹೊರಬರುತ್ತದೆ.

ಮಾತ್ರೆಯಲ್ಲಿರುವ ಪ್ರೊಜೆಸ್ಟಿನ್ ಆ ಲಯವನ್ನು ನಿಧಾನಗೊಳಿಸುವುದರಿಂದ ಎಲ್‌ಎಚ್ ಉಕ್ಕುವುದೇ ಇಲ್ಲ. ಗರ್ಭಕಂಠದ ಲೋಳೆಯನ್ನು ಗಟ್ಟಿಯಾಗಿಸಿ ವೀರ್ಯಾಣುವಿನ ದಾರಿ ಮುಚ್ಚುವುದೂ, ಗರ್ಭಕೋಶದ ಒಳಪದರವನ್ನು ತೆಳುವಾಗಿಸುವುದೂ ಪ್ರೊಜೆಸ್ಟಿನ್‌ನ ಕೆಲಸವೇ. ಹಾಗಾದರೆ ಈಸ್ಟ್ರೋಜನ್ ಯಾಕೆ ಬೇಕು? ಅದು ಎಫ್‌ಎಸ್‌ಎಚ್‌ಅನ್ನು ತಗ್ಗಿಸಿ ಕೋಶಿಕೆ ಬೆಳೆಯಲು ಶುರುವಾಗುವುದನ್ನೇ ತಡೆಯುತ್ತದೆ. ಒಳಪದರವನ್ನು ಹಿಡಿದು ನಿಲ್ಲಿಸುವುದರಿಂದ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸುವುದಿಲ್ಲ. ಈ ಎರಡನೆಯ ಕೆಲಸವನ್ನು ನೆನಪಿಟ್ಟುಕೊಳ್ಳಿ, ರಿಫಾಂಪಿಸಿನ್ ವಿಷಯದಲ್ಲಿ ಅದು ಮತ್ತೆ ಬೇಕಾಗುತ್ತದೆ.

ಎರಡು ಮಾತ್ರೆ ಮರೆತೆ ಎಂದು ಬಂದವರನ್ನು ‘ಯಾವ ವಾರದ್ದು?’ ಎಂದು ಯಾಕೆ ಕೇಳುತ್ತೀರಿ? ಮರೆತದ್ದು ಮರೆತದ್ದೇ ಅಲ್ಲವೇ?

ಕಂದು ಮಾತ್ರೆಯ ಏಳು ದಿನಗಳಲ್ಲಿ ಹಾರ್ಮೋನ್ ಇರುವುದಿಲ್ಲ. ಆ ಅವಧಿಯಲ್ಲಿ ಎಫ್‌ಎಸ್‌ಎಚ್ ತಲೆಯೆತ್ತಿ ಕೋಶಿಕೆಗಳು ಮೆಲ್ಲಗೆ ಬೆಳೆಯತೊಡಗುತ್ತವೆ. ಎಂಟನೆಯ ದಿನ ಹೊಸ ಪಟ್ಟಿ ಶುರುವಾದಾಗ ಅವು ಮತ್ತೆ ಅಡಗುತ್ತವೆ. ಅಂಡಾಶಯವನ್ನು ಭದ್ರವಾಗಿ ತಡೆಹಿಡಿಯಲು ಬಿಡದೆ ಏಳು ದಿನ ಹಾರ್ಮೋನ್ ಮಾತ್ರೆ ಬೇಕು. ಆದ್ದರಿಂದ ಮರೆಯಲೇಬಾರದ ದಿನಗಳೆಂದರೆ ಪಟ್ಟಿಯ ಮೊದಲ ವಾರ. ಆಗ ಮರೆತರೆ ಏಳು ದಿನದ ಬಿಡುವು ಒಂಬತ್ತು ಹತ್ತು ದಿನಗಳಿಗೆ ಹಿಗ್ಗುತ್ತದೆ.

ಒಂದು ಮಾತ್ರೆ ಮರೆತಿದ್ದರೆ ನೆನಪಾದ ಕೂಡಲೇ ನುಂಗಿ ಮುಂದುವರಿಸಿದರೆ ಸಾಕು. ಎರಡು ಅಥವಾ ಹೆಚ್ಚು ತಪ್ಪಿದ್ದರೆ ಕೊನೆಯದಾಗಿ ಮರೆತದ್ದನ್ನು ನುಂಗಬೇಕು, ಉಳಿದವನ್ನು ಎಂದಿನಂತೆ ಮುಂದುವರಿಸಬೇಕು, ಏಳು ದಿನ ಕಾಂಡೋಮ್ ಬಳಸಬೇಕು. ಮೂರನೆಯ ವಾರದಲ್ಲಿ ತಪ್ಪಿದ್ದರೆ ಕಂದು ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಪಟ್ಟಿಗೆ ಹೋಗಲಿ. ಮೊದಲ ವಾರದಲ್ಲಿ ತಪ್ಪಿ, ಆ ದಿನಗಳ ಆಸುಪಾಸಿನಲ್ಲಿ ಸಂಪರ್ಕವಾಗಿದ್ದರೆ ತುರ್ತು ಗರ್ಭನಿರೋಧಕದ ಮಾತನ್ನೂ ಎತ್ತಬೇಕು.

## ಅಡ್ಡಪರಿಣಾಮಗಳು

ವಾಕರಿಕೆ, ತಲೆನೋವು ಎಂದು ಬಂದರೆ ಮಾತ್ರೆ ನಿಲ್ಲಿಸಲು ಹೇಳಬೇಕೇ?

ಮೊದಲ ಎರಡು ಮೂರು ತಿಂಗಳ ವಾಕರಿಕೆ, ಸ್ತನಗಳಲ್ಲಿ ನೋವು, ನಡುನಡುವೆ ಚುಕ್ಕೆ ರಕ್ತಸ್ರಾವ ಸಾಮಾನ್ಯವಾಗಿ ತಾವಾಗಿಯೇ ತಗ್ಗುತ್ತವೆ. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ಅರ್ಧ ಕಡಿಮೆ ಎಂದು ಹೇಳುವವರೇ ಹೆಚ್ಚು. ಆದರೆ ‘ತಲೆನೋವು’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಬಿಡಬೇಡಿ. ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆ ಕಾಣಿಸುತ್ತದೆಯೇ, ಕೈ ಜೋಮು ಹಿಡಿಯುತ್ತದೆಯೇ ಎಂದು ಕೇಳಿ. ಹೌದೆಂದರೆ ಅದು ಆರಾ ಇರುವ ಮೈಗ್ರೇನ್ ಇರಬಹುದು. ಅಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಏರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ನಾಲ್ಕನೆಯ ವರ್ಗದಲ್ಲಿ, ಅಂದರೆ ಸಂಯುಕ್ತ ಮಾತ್ರೆ ಕೊಡಲೇಬಾರದವರ ಪಟ್ಟಿಯಲ್ಲಿ ಇಟ್ಟಿದೆ. 35 ದಾಟಿ ದಿನಕ್ಕೆ 15 ಅಥವಾ ಹೆಚ್ಚು ಸಿಗರೇಟು ಸೇದುವವರು, 160/100 ಅಥವಾ ಅದಕ್ಕೂ ಹೆಚ್ಚು ರಕ್ತದೊತ್ತಡ ಇರುವವರು, ಹೆರಿಗೆಯಾಗಿ ಆರು ವಾರ ತುಂಬದೆ ಹಾಲೂಡಿಸುತ್ತಿರುವವರು ಕೂಡ ಅದೇ ಪಟ್ಟಿಯಲ್ಲಿದ್ದಾರೆ.

ಮಾತ್ರೆ ಕೊಳ್ಳಲು ಬಂದವರ ರಕ್ತದೊತ್ತಡ ನೋಡಲು ಒಂದು ನಿಮಿಷ ಸಾಕು. ಆದರೂ ನೋಡುವ ಅಂಗಡಿಗಳು ಕಡಿಮೆ.

ರಕ್ತ ಹೆಪ್ಪುಗಟ್ಟುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ನಿಜಕ್ಕೂ ಎಷ್ಟು?

ಮಾತ್ರೆ ನುಂಗದ, ಗರ್ಭಿಣಿಯಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಅಭಿಧಮನಿಯಲ್ಲಿ ಹೆಪ್ಪು ಕಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ನುಂಗುವವರಲ್ಲಿ ಅದು 5ರಿಂದ 7. ಡೆಸೊಜೆಸ್ಟ್ರೆಲ್ ಅಥವಾ ಡ್ರೊಸ್ಪಿರಿನೋನ್ ಇದ್ದರೆ 9ರಿಂದ 12. ಯುರೋಪಿನ ಔಷಧ ಸಂಸ್ಥೆ 2013ರ ಪರಿಶೀಲನೆಯಲ್ಲಿ ಕೊಟ್ಟ ಅಂಕಿಗಳಿವು. ಗರ್ಭಿಣಿಯರಲ್ಲಿ, ಬಾಣಂತಿಯರಲ್ಲಿ ಅಪಾಯ ಇದಕ್ಕಿಂತಲೂ ಹೆಚ್ಚು. ಮೊಡವೆಗೆಂದು ಹೊಸ ಬಗೆಯ ದುಬಾರಿ ಮಾತ್ರೆ ಬರೆಸಿಕೊಂಡವರು ‘ಇದು ಮಾಲಾ-ಡಿಗಿಂತ ಸುರಕ್ಷಿತ’ ಎಂದುಕೊಂಡಿರುತ್ತಾರೆ. ಹೆಪ್ಪಿನ ವಿಷಯದಲ್ಲಿ ಅದು ತಲೆಕೆಳಗು.

ಕಾರಣ ಯಕೃತ್ತಿನಲ್ಲಿದೆ. ಎಥಿನೈಲ್ ಎಸ್ಟ್ರಾಡಿಯಾಲ್ ಅಲ್ಲಿ ಹೆಪ್ಪುಗಟ್ಟಿಸುವ ಅಂಶಗಳ ಉತ್ಪಾದನೆಯನ್ನು ಏರಿಸುತ್ತದೆ, ಹೆಪ್ಪನ್ನು ತಡೆಯುವ ಪ್ರೊಟೀನ್ ಎಸ್‌ನಂಥವನ್ನು ಇಳಿಸುತ್ತದೆ. ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಅಪಾಯ ಅತಿ ಹೆಚ್ಚು. ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಬಿಟ್ಟು ಮತ್ತೆ ಶುರು ಮಾಡಿದರೂ ಹಾಗೆಯೇ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಏಕಾಏಕಿ ಉಸಿರು ಕಟ್ಟಿದರೆ, ಎದೆ ಹಿಡಿದರೆ, ದೃಷ್ಟಿ ಮಂಜಾದರೆ ನೋವಿನ ಮಾತ್ರೆ ಕೊಟ್ಟು ಕಳಿಸಬೇಡಿ. ನೇರವಾಗಿ ಆಸ್ಪತ್ರೆಗೆ ಕಳಿಸಿ.

## ಬೇರೆ ಔಷಧಿಗಳ ಜೊತೆ

ಆ್ಯಂಟಿಬಯಾಟಿಕ್ ಕೊಟ್ಟಾಗಲೆಲ್ಲ ‘ಕಾಂಡೋಮ್ ಬಳಸಿ’ ಎನ್ನಬೇಕು ಎಂದು ನಮ್ಮ ಸರ್ ಹೇಳಿದ್ದಾರೆ. ನೀವು ಬೇಡ ಎನ್ನುತ್ತೀರಿ. ಯಾರ ಮಾತು ನಂಬಲಿ?

ನಿಮ್ಮ ಸರ್ ಓದಿದ ಕಾಲದಲ್ಲಿ ಪುಸ್ತಕಗಳಲ್ಲಿ ಹಾಗೆಯೇ ಇತ್ತು. ಅದರ ಹಿಂದಿನ ತರ್ಕವೂ ಚೆನ್ನಾಗಿಯೇ ಇದೆ. ಎಥಿನೈಲ್ ಎಸ್ಟ್ರಾಡಿಯಾಲ್‌ನ ಒಂದು ಭಾಗ ಯಕೃತ್ತಿನಲ್ಲಿ ಗ್ಲೂಕುರೊನೈಡ್, ಸಲ್ಫೇಟ್‌ಗಳ ಜೊತೆ ಕೂಡಿಕೊಂಡು ಪಿತ್ತರಸದ ಮೂಲಕ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಆ ಬಂಧವನ್ನು ಬಿಡಿಸಿದಾಗ ಔಷಧಿ ಮತ್ತೆ ರಕ್ತ ಸೇರುತ್ತದೆ. ಬ್ಯಾಕ್ಟೀರಿಯಾ ಸತ್ತರೆ ಈ ಮರುಹೀರಿಕೆ ನಿಲ್ಲುತ್ತದೆ, ಔಷಧಿಯ ಮಟ್ಟ ಇಳಿಯುತ್ತದೆ ಎಂಬುದು ಊಹೆ. ಆಂಪಿಸಿಲಿನ್, ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಸಿನ್ ಕೊಟ್ಟು ರಕ್ತದಲ್ಲಿ ಅಳೆದಾಗ ಹಾಗೆ ಇಳಿಯಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆ ಇವುಗಳ ಜೊತೆ ಸಂಯುಕ್ತ ಮಾತ್ರೆಗೆ ಯಾವ ನಿರ್ಬಂಧವನ್ನೂ ಹೇಳುವುದಿಲ್ಲ.

ಆ್ಯಂಟಿಬಯಾಟಿಕ್‌ನಿಂದ ವಾಂತಿಯೋ ಜೋರು ಭೇದಿಯೋ ಆದರೆ ಮಾತು ಬೇರೆ. ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ವಾಂತಿಭೇದಿ ಒಂದು ದಿನಕ್ಕಿಂತ ಹೆಚ್ಚು ಎಳೆದರೆ ಆ ದಿನಗಳನ್ನು ಮಾತ್ರೆ ಮರೆತ ದಿನಗಳಂತೆಯೇ ಎಣಿಸಬೇಕು.

ಹಾಗಾದರೆ ರಿಫಾಂಪಿಸಿನ್ ಮಾತ್ರ ಯಾಕೆ ಬೇರೆ? ಅದೂ ಆ್ಯಂಟಿಬಯಾಟಿಕ್ಕೇ ಅಲ್ಲವೇ?

ರಿಫಾಂಪಿಸಿನ್ ತಂಟೆ ಮಾಡುವುದು ಕರುಳಿನ ಬ್ಯಾಕ್ಟೀರಿಯಾ ಜೊತೆಗಲ್ಲ, ನಮ್ಮದೇ ಜೀವಕೋಶಗಳ ಜೊತೆಗೆ. ಯಕೃತ್ತು ಮತ್ತು ಕರುಳಿನ ಭಿತ್ತಿಯ ಕೋಶಗಳಲ್ಲಿ ಪಿಎಕ್ಸ್‌ಆರ್ ಎಂಬ ಗ್ರಾಹಕವಿದೆ. ರಿಫಾಂಪಿಸಿನ್ ಅದಕ್ಕೆ ಅಂಟಿಕೊಂಡಾಗ ಕೋಶಕೇಂದ್ರದಲ್ಲಿ ಸಿವೈಪಿ 3ಎ4 ಕಿಣ್ವದ ವಂಶವಾಹಿ ಚುರುಕಾಗುತ್ತದೆ, ಕಿಣ್ವ ಹೆಚ್ಚು ಹೆಚ್ಚು ತಯಾರಾಗುತ್ತದೆ. ಮಾತ್ರೆಯ ಎರಡೂ ಹಾರ್ಮೋನ್‌ಗಳನ್ನು ಒಡೆಯುವುದರಲ್ಲಿ ಈ ಕಿಣ್ವದ್ದು ದೊಡ್ಡ ಪಾಲು.

ಎಥಿನೈಲ್ ಎಸ್ಟ್ರಾಡಿಯಾಲ್‌ನ ರಚನೆಯನ್ನು ನೆನಪಿಸಿಕೊಳ್ಳಿ. ಸಹಜ ಎಸ್ಟ್ರಾಡಿಯಾಲ್ ಬಾಯಿಯಿಂದ ಹೋದರೆ ಬಹುಬೇಗ ನಾಶವಾಗುತ್ತದೆ. 1938ರಲ್ಲಿ ಬರ್ಲಿನ್‌ನ ಷೆರಿಂಗ್ ಕಂಪನಿಯಲ್ಲಿ ಇನ್‌ಹಾಫನ್ ಮತ್ತು ಹೊಲ್‌ವೆಗ್ ಅದರ 17ನೆಯ ಇಂಗಾಲಕ್ಕೆ ಎಥಿನೈಲ್ ಗುಂಪನ್ನು ಸೇರಿಸಿದರು. ಆ ಜಾಗದಲ್ಲಿ ಆಗುತ್ತಿದ್ದ ಆಕ್ಸಿಡೀಕರಣ ನಿಂತದ್ದರಿಂದ ಔಷಧಿ ಬಾಯಿಯ ಮೂಲಕವೂ ಕೆಲಸ ಮಾಡಿತು. ಅಷ್ಟಾದರೂ ಮೊದಲ ಸುತ್ತಿನಲ್ಲೇ ಕರುಳು ಮತ್ತು ಯಕೃತ್ತು ಅರ್ಧಕ್ಕಿಂತ ಹೆಚ್ಚನ್ನು ನುಂಗಿಹಾಕುತ್ತವೆ. ಮಾತ್ರೆಯಲ್ಲಿರುವುದೇ 30 ಮೈಕ್ರೊಗ್ರಾಂ, ಅದರಲ್ಲಿ ಹೀಗೆ ಉಳಿದದ್ದರಿಂದ ಕೈಬಿಡಲು ಹೆಚ್ಚೇನೂ ಇಲ್ಲ. ರಿಫಾಂಪಿಸಿನ್ ಜೊತೆ ಕೊಟ್ಟು ಅಳೆದ ಅಧ್ಯಯನಗಳಲ್ಲಿ ಎಥಿನೈಲ್ ಎಸ್ಟ್ರಾಡಿಯಾಲ್‌ನ ಒಟ್ಟು ಪ್ರಮಾಣ ಸುಮಾರು ಮೂರನೆಯ ಎರಡು ಭಾಗ ಕುಸಿದಿದೆ. ಈ ಜೋಡಿಯಿಂದ ಮುಟ್ಟಿನ ಏರುಪೇರು ಆಗುತ್ತಿರುವುದು ಜರ್ಮನಿಯಲ್ಲಿ ವರದಿಯಾದದ್ದು 1971ರಲ್ಲೇ. ಗರ್ಭಧಾರಣೆಯ ವರದಿಗಳು ಆಮೇಲೆ ಬಂದವು.

ಕಿಣ್ವ ಪೂರ್ತಿ ಏರಲು ಒಂದೆರಡು ವಾರ ಬೇಕು. ರಿಫಾಂಪಿಸಿನ್ ನಿಂತ ಮೇಲೆ ಹಳೆಯ ಮಟ್ಟಕ್ಕೆ ಇಳಿಯಲೂ ವಾರಗಳು ಬೇಕು. ಆದ್ದರಿಂದಲೇ ಕೊನೆಯ ಡೋಸ್ ಆದ ಮೇಲೂ 28 ದಿನ ಸಂಯುಕ್ತ ಮಾತ್ರೆಯನ್ನು ನಂಬಬಾರದು ಎಂಬ ನಿಯಮ. ಮೆನಿಂಜೈಟಿಸ್ ಸೋಂಕು ತಗಲದಿರಲೆಂದು ಎರಡೇ ದಿನ ರಿಫಾಂಪಿಸಿನ್ ಕೊಟ್ಟಿದ್ದರೂ ಈ 28 ದಿನದ ಲೆಕ್ಕ ತಪ್ಪುವುದಿಲ್ಲ.

ಒಂದು ಚೀಟಿ ಹಿಡಿದು ಲೆಕ್ಕ ಹಾಕಿ ತೋರಿಸುತ್ತೀರಾ?

ಹೀಗೊಂದು ಚೀಟಿ ಎದುರಿಗೆ ಬಂದಿದೆ ಎಂದುಕೊಳ್ಳಿ. ಹೆಂಗಸಿಗೆ 26 ವರ್ಷ, 46 ಕಿಲೊ ತೂಕ. ಕತ್ತಿನ ಗಂಟಿನ ಟಿಬಿ. ನಾಲ್ಕು ಔಷಧಿ ಸೇರಿದ ಮಾತ್ರೆ ದಿನಕ್ಕೆ ಮೂರು, ಅಂದರೆ ರಿಫಾಂಪಿಸಿನ್ 450 ಮಿ.ಗ್ರಾಂ. ಶುರುವಾದದ್ದು ಜೂನ್ 2ರಂದು. ಅಂದು ಆಕೆ ಮಾಲಾ-ಡಿ ಪಟ್ಟಿಯ ಹತ್ತನೆಯ ಮಾತ್ರೆಯಲ್ಲಿದ್ದರು. ಟಿಬಿ ವೈದ್ಯರಿಗೆ ಹೇಳಿಲ್ಲ, ಅವರೂ ಕೇಳಿಲ್ಲ. ಜೂನ್ 11ರಂದು ಆಕೆ ಬಂದು, ‘ಮೂತ್ರ ಕಿತ್ತಳೆ ಬಣ್ಣಕ್ಕಿದೆ, ಒಳಗೆ ಸ್ವಲ್ಪ ರಕ್ತವೂ ಕಾಣಿಸಿತು, ಟಿಬಿ ಔಷಧಿ ಕಿಡ್ನಿಗೆ ಹೊಡೆಯಿತೇ?’ ಎನ್ನುತ್ತಾರೆ.

ಕಿತ್ತಳೆ ಬಣ್ಣ ರಿಫಾಂಪಿಸಿನ್‌ನದು, ಹೆದರಬೇಕಾಗಿಲ್ಲ. ರಕ್ತ ಬಂದದ್ದು ಮೂತ್ರದಲ್ಲೋ ಯೋನಿಯಿಂದಲೋ ಎಂದು ಬಿಡಿಸಿ ಕೇಳಿ. ಯೋನಿಯಿಂದ ಎಂದಾದರೆ, ಪಟ್ಟಿಯ 19ನೆಯ ಮಾತ್ರೆಯ ದಿನ, ಒಂದನ್ನೂ ಮರೆಯದೆ ಚುಕ್ಕೆ ಕಂಡಿದೆ ಎಂದಾಯಿತು. ಒಳಪದರವನ್ನು ಹಿಡಿದು ನಿಲ್ಲಿಸಲು ಬೇಕಾದಷ್ಟು ಈಸ್ಟ್ರೋಜನ್ ರಕ್ತದಲ್ಲಿ ಉಳಿದಿಲ್ಲ ಎಂಬುದರ ಸುಳಿವು ಅದು. ಚುಕ್ಕೆ ಕಾಣದಿದ್ದರೂ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥವಲ್ಲ.

ಈಗ ದಿನಗಳ ಲೆಕ್ಕ. 24 ವಾರದ ಚಿಕಿತ್ಸೆ ಎಂದರೆ 168 ದಿನ. ಜೂನ್ 2ರಿಂದ ಎಣಿಸಿದರೆ ಕೊನೆಯ ಡೋಸ್ ನವೆಂಬರ್ 16ಕ್ಕೆ. ಅದರ ಮೇಲೆ 28 ದಿನ ಸೇರಿಸಿದರೆ ಡಿಸೆಂಬರ್ 14. ಅಲ್ಲಿಯವರೆಗೆ ಮಾಲಾ-ಡಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಗಂಟಿನ ಟಿಬಿಯಲ್ಲಿ ಚಿಕಿತ್ಸೆಯನ್ನು ಮುಂದುವರಿಸುವುದೂ ಉಂಟು. ಹಾಗಾದರೆ ಈ ದಿನಾಂಕವೂ ಮುಂದೆ ಹೋಗುತ್ತದೆ.

ಬದಲಿಗೆ ಏನು? ಕಾಪರ್-ಟಿ, ಇಲ್ಲಿನ ಹೆಂಗಸರು ‘ತಾಂಬಿ’ ಎನ್ನುವುದು. ಅದರಲ್ಲಿ ಹಾರ್ಮೋನೇ ಇಲ್ಲದ್ದರಿಂದ ರಿಫಾಂಪಿಸಿನ್‌ಗೆ ಅಲ್ಲಿ ಕೆಲಸವಿಲ್ಲ. ಇನ್ನೊಂದು ಮೂರು ತಿಂಗಳಿಗೊಮ್ಮೆಯ ಡಿಎಂಪಿಎ ಚುಚ್ಚುಮದ್ದು, ಸರ್ಕಾರಿ ಕೇಂದ್ರಗಳಲ್ಲಿ ‘ಅಂತರಾ’. ಯಕೃತ್ತು ಅದನ್ನು ಈಗಾಗಲೇ ರಕ್ತ ಹರಿದುಬಂದ ವೇಗದಲ್ಲೇ ತೆಗೆಯುತ್ತಿರುತ್ತದೆ, ಕಿಣ್ವ ಹೆಚ್ಚಾದರೂ ದೊಡ್ಡ ವ್ಯತ್ಯಾಸವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ರಿಫಾಂಪಿಸಿನ್ ಜೊತೆ ಇವೆರಡೂ ಮೊದಲ ವರ್ಗ, ಅಂದರೆ ನಿರ್ಬಂಧವಿಲ್ಲದವು. ಸಂಯುಕ್ತ ಮಾತ್ರೆ ಮೂರನೆಯ ವರ್ಗ, ಅಂದರೆ ಸಾಮಾನ್ಯವಾಗಿ ಕೊಡಬಾರದ್ದು. ಎರಡರಲ್ಲೊಂದು ಆಗುವ ತನಕ ಪ್ರತಿ ಬಾರಿಯೂ ಕಾಂಡೋಮ್.

ಜೂನ್ 2ರ ನಂತರ ರಕ್ಷಣೆಯಿಲ್ಲದೆ ಸಂಪರ್ಕವಾಗಿದೆಯೇ ಎಂದು ಕೇಳಲೇಬೇಕು. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಆಕೆಯನ್ನು ಬದಿಗೆ ಕರೆದು ಕೇಳಿ. ಕಳೆದ ಐದು ದಿನಗಳಲ್ಲಿ ಆಗಿದ್ದರೆ ಕಾಪರ್-ಟಿಯೇ ತುರ್ತು ಉಪಾಯವೂ ಹೌದು. ಅದು ಆಗದೆಂದರೆ, ಕಿಣ್ವ ಏರಿರುವಾಗ 1.5 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಸಾಲದು. ಬ್ರಿಟನ್ನಿನ ಔಷಧ ನಿಯಂತ್ರಕರು 2016ರಿಂದ ದುಪ್ಪಟ್ಟು, ಅಂದರೆ 3 ಮಿ.ಗ್ರಾಂ ಹೇಳುತ್ತಾರೆ. ವೈದ್ಯರನ್ನು ಕೇಳಿಯೇ ಕೊಡಿ. ಕೊನೆಯ ಸಂಪರ್ಕದಿಂದ ಮೂರು ವಾರ ಕಳೆದ ಮೇಲೆ ಗರ್ಭ ಪರೀಕ್ಷೆ ಮಾಡಿಸಲಿ.

ಏನೇ ಆದರೂ ಗರ್ಭನಿರೋಧಕದ ಸಲುವಾಗಿ ಟಿಬಿ ಮಾತ್ರೆ ನಿಲ್ಲಕೂಡದು. ಇದನ್ನು ಆಕೆಯ ಬಾಯಿಂದಲೇ ತಿರುಗಿ ಹೇಳಿಸಿ.

ಮಾಲಾ-ಡಿ ದಿನಕ್ಕೆ ಎರಡು ನುಂಗಿದರೆ ಸರಿದೂಗುವುದಿಲ್ಲವೇ?

ರಿಫಾಂಪಿಸಿನ್ ಎದುರು ಇಲ್ಲ. ಅದರ ಪ್ರಭಾವ ಎಷ್ಟು ಜೋರೆಂದರೆ ಎಷ್ಟು ಮಾತ್ರೆಗೆ ಸರಿದೂಗುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ಅದರ ಮೇಲೆ ಟಿಬಿ ಔಷಧಿ ಮುಗಿದು ಕಿಣ್ವ ಇಳಿಯುವಾಗಲೂ ಎರಡೇ ನುಂಗುತ್ತಿದ್ದರೆ ಈಸ್ಟ್ರೋಜನ್ ದುಪ್ಪಟ್ಟು ಏರುತ್ತದೆ. ಹೆಪ್ಪಿನ ಅಪಾಯವೂ ಜೊತೆಗೆ ಏರುತ್ತದೆ.

ಮನೆಯಲ್ಲಿ ಒಬ್ಬರಿಗೆ ಟಿಬಿ, ಸೊಸೆಗೆ ಬರೀ ಮುನ್ನೆಚ್ಚರಿಕೆಯ ಔಷಧಿ ಕೊಟ್ಟಿದ್ದಾರೆ. ಅವಳಿಗೂ ಇದೆಲ್ಲ ಬೇಕೇ?

ಯಾವ ಔಷಧಿ ಎಂದು ನೋಡಿ. ಆರು ತಿಂಗಳ ಬರೀ ಐಸೋನಿಯಾಜಿಡ್ ಆದರೆ ಬೇಡ, ಅದು ಈ ಕಿಣ್ವವನ್ನು ಏರಿಸುವುದಿಲ್ಲ. ವಾರಕ್ಕೊಮ್ಮೆಯಂತೆ ಹನ್ನೆರಡು ಬಾರಿ ನುಂಗುವ ಕ್ರಮವಾದರೆ ಅದರಲ್ಲಿ ರಿಫಾಪೆಂಟಿನ್ ಇದೆ. ಅದು ರಿಫಾಂಪಿಸಿನ್‌ನ ದಾಯಾದಿ, ಅದೇ ಕೆಲಸ ಮಾಡುತ್ತದೆ. ‘ವಾರಕ್ಕೊಂದೇ ಸಲ ತಾನೇ’ ಎಂದು ಇಲ್ಲಿ ಮೋಸಹೋಗುವವರು ಬಹಳ.

ಟಿಬಿ ಔಷಧಿಗೆ ಎಚ್1 ರಿಜಿಸ್ಟರ್ ಬರೆಯುತ್ತೇವೆ, ಮಾಲಾ-ಡಿ ಚೀಟಿಯಿಲ್ಲದೆ ಹೋಗುತ್ತದೆ. ಇವೆರಡನ್ನೂ ಒಬ್ಬರೇ ನುಂಗುತ್ತಿದ್ದಾರೆ ಎಂದು ಗೊತ್ತಾಗುವುದು ಹೇಗೆ?

ಕಾಗದದಿಂದ ಗೊತ್ತಾಗುವುದಿಲ್ಲ. ಎಚ್1 ರಿಜಿಸ್ಟರಿನಲ್ಲಿ ರೋಗಿಯ ಹೆಸರು, ವೈದ್ಯರ ಹೆಸರು, ಔಷಧಿ, ಪ್ರಮಾಣ ಬರೆಯುತ್ತೀರಿ. ಮಕ್ಕಳಾಗುವ ವಯಸ್ಸಿನ ಹೆಂಗಸಿನ ಹೆಸರು ಬರೆಯುವಾಗ ಪೆನ್ನು ಕೈಯಲ್ಲಿರುವಾಗಲೇ ‘ಮಗು ಬೇಡವೆಂದು ಏನಾದರೂ ಬಳಸುತ್ತಿದ್ದೀರಾ ಅಕ್ಕ?’ ಎಂದು ಕೇಳಿಬಿಡಿ. ‘ಬೇರೆ ಔಷಧಿ ಇದೆಯೇ?’ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಮಾಲಾ-ಡಿಯನ್ನು ಅವರು ಔಷಧಿ ಎಂದು ಎಣಿಸುವುದಿಲ್ಲ.

ಫಿಟ್ಸ್ ಔಷಧಿಗಳೂ ಹೀಗೆಯೇ ಎಂದು ಓದಿದ್ದೇನೆ. ಲ್ಯಾಮೊಟ್ರಿಜಿನ್ ಬಗ್ಗೆ ಮಾತ್ರ ಪುಸ್ತಕ ಬೇರೇನೋ ಹೇಳುತ್ತದೆ.

ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ರಿಫಾಂಪಿಸಿನ್‌ನ ದಾರಿಯಲ್ಲೇ ಹೋಗುತ್ತವೆ, ಮಾತ್ರೆಯನ್ನು ಸೋಲಿಸುತ್ತವೆ. ವ್ಯಾಲ್ಪ್ರೊಯೇಟ್ ಕಿಣ್ವವನ್ನು ಏರಿಸುವುದಿಲ್ಲ. ಆದರೆ ಗರ್ಭ ನಿಂತರೆ ಮಗುವಿಗೆ ಅದರಿಂದ ದೊಡ್ಡ ಹಾನಿ, ಹಾಗಾಗಿ ಗಟ್ಟಿಯಾದ ಗರ್ಭನಿರೋಧಕ ಬೇಕೇ ಬೇಕು.

ಲ್ಯಾಮೊಟ್ರಿಜಿನ್ ವಿಷಯದಲ್ಲಿ ಪೆಟ್ಟು ಬೀಳುವುದು ತಿರುವುಮುರುವಾಗಿ. ಇಲ್ಲಿ ಎಥಿನೈಲ್ ಎಸ್ಟ್ರಾಡಿಯಾಲ್‌ನಿಂದ ಲ್ಯಾಮೊಟ್ರಿಜಿನ್‌ನ ಗ್ಲೂಕುರೊನೈಡೀಕರಣ ವೇಗವಾಗಿ, ರಕ್ತದಲ್ಲಿ ಅದರ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಚೆನ್ನಾಗಿ ಹತೋಟಿಯಲ್ಲಿದ್ದ ಫಿಟ್ಸ್ ಮಾಲಾ-ಡಿ ಶುರು ಮಾಡಿದ ಕೆಲವೇ ವಾರಗಳಲ್ಲಿ ಮರುಕಳಿಸಬಹುದು. ಕಂದು ಮಾತ್ರೆಯ ವಾರ ಬಂದಾಗ ಮಟ್ಟ ಮತ್ತೆ ಏರುತ್ತದೆ. ಡೋಸ್ ಹೆಚ್ಚಿಸಿದ್ದರೆ ಆ ವಾರದಲ್ಲೇ ತಲೆಸುತ್ತು, ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು ಕಾಣಿಸುತ್ತದೆ. ತಿಂಗಳಿಗೊಮ್ಮೆ, ಮುಟ್ಟಿನ ವಾರದಲ್ಲೇ ತಲೆ ತಿರುಗುತ್ತದೆ ಎನ್ನುವ ಲ್ಯಾಮೊಟ್ರಿಜಿನ್ ರೋಗಿಗೆ ಗ್ಲೂಕೋಸ್ ಪುಡಿ ಕೊಡುವ ಮೊದಲು ಯಾವ ಪಟ್ಟಿ ನುಂಗುತ್ತಿದ್ದೀರಿ ಎಂದು ಕೇಳಿ, ಉತ್ತರವನ್ನು ಬರೆದುಕೊಟ್ಟು ನರರೋಗ ವೈದ್ಯರ ಬಳಿಗೆ ಕಳಿಸಿ.